ಜಡೆಪ್ಪ ಮಾವ ಕೆಮ್ಮದ ಸಂಜೆ

ನಮ್ಮ ಮಾವ ಜಡೆಪ್ಪ ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ಆರು ವರ್ಷದ ಹಿಂದೆ ಕಣ್ಣು ಪೂರ್ತಿ ಹೋದ ಮೇಲೆ ಕೆಮ್ಮೇ ಅವರ ಅರ್ಜಿ. ರೇಡಿಯೋ ಗೊರಗೊರ ಅಂದರೆ ಒಂದು ಕೆಮ್ಮು. ನಾನು ಹಿಟ್ಟಿನ ಕೈ ತೊಳೆದು ಬಂದು ಸ್ಟೇಷನ್ ಹಿಡಿಯುವಷ್ಟರಲ್ಲಿ ಹಾಡು ಮುಗಿದಿರುತ್ತಿತ್ತು. "ಇರ್ಲಿ ಬಿಡವ್ವ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಸಂಕಟವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ದೋಣಿಮಲೈ ಗಣಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿಗೆಲ್ಲ ಲೈನ್ ಕೊಟ್ಟ ಮನುಷ್ಯ ತನ್ನದೊಂದು ಹಾಡಿಗೆ ಹೀಗೆ ಕಾಯಬೇಕೇ? ಬಾಯಲ್ಲಿ ಹೇಳಿದರೆ ಹಾಡುವ ಸ್ಪೀಕರ್ ತರಿಸಿಯೇಬಿಟ್ಟೆ. ತರಿಸಿದ್ದೇ ಬಂತು. ಐದು ದಿನ ಅದು ಮೂಗನಂತೆ ಕುಳಿತಿತ್ತು. ವಾಪಸ್ ಕೊಡಲು ಮರುದಿನವೇ ಕೊನೆ.

ಆ ಸಂಜೆ ಮತ್ತೆ ಹಟ ಹಿಡಿದು ಕೂತೆ. ಫೋನಿನ ಆ್ಯಪ್ ಕೇಳಿದಾಗ ಮನೆಯ ವೈಫೈ ಆಯ್ದು ಪಾಸ್‌ವರ್ಡ್ ಕೊಟ್ಟೆ. ಸ್ಪೀಕರ್ ಅದಕ್ಕೆ ಸೇರಿಕೊಂಡಿತು. ಆಮೇಲೆ ಅದೇ ಹಳೇ ರಾಗ: ಸ್ಪೀಕರ್ ಸಿಗುತ್ತಿಲ್ಲ, ಫೋನ್ ಮತ್ತು ಸ್ಪೀಕರ್ ಒಂದೇ ನೆಟ್‌ವರ್ಕ್‌ನಲ್ಲಿರಲಿ.

"ಇರೋದು ಒಂದ ಡಬ್ಬಿ, ಒಂದ ವೈಫೈ. ಇನ್ನೆಷ್ಟು ಒಂದ ಮಾಡ್ಲಿ ಇದಕ್ಕ?" ಎಂದು ಫೋನಿಗೇ ಬೈದೆ.

"ವಾಪಸ್ ಕೊಟ್ಟಬಿಡವ್ವ," ಎಂದರು ಮಾವ. ಆಮೇಲೆ ನನ್ನ ದನಿ ಬಂದತ್ತ ತಿರುಗಿ, "ಆ ವೈಫೈ ಡಬ್ಬಿಗೆ ಎಷ್ಟು ಹೆಸರದಾವ?" ಎಂದು ಕೇಳಿದರು.

"ಎರಡ್ರಿ ಮಾವ. ಮನೀದೊಂದು, ಗೆಸ್ಟ್‌ಗಳದೊಂದು."

ಕಡ್ಡಿರಾಂಪುರದ ನಮ್ಮ ಮನೆಯ ಮುಂದಿನ ಮೂರು ಕೋಣೆಗಳಲ್ಲಿ ಹಂಪಿ ನೋಡಲು ಬಂದವರು ಇಳಿಯುತ್ತಾರೆ. ಅವರಿಗೆಂದೇ ನಾನು ಬೇರೆ ಹೆಸರಿನ ವೈಫೈ ಮಾಡಿಸಿದ್ದೆ.

"ಸ್ಪೀಕರ್ ಯಾವುದ್ರಾಗೈತಿ?"

"ಮನೀದ್ರಾಗ."

"ನಿನ್ನ ಫೋನು?"

ನೋಡಿದೆ. ಗೆಸ್ಟ್‌ಗಳದರಲ್ಲಿ! ಬಂದವರ ಮುಂದೆ ಮೊದಲು ನನ್ನ ಫೋನಿಗೇ ಹಾಕಿ "ನೋಡ್ರಿ, ಮಸ್ತ್ ಬರ್ತೈತಿ" ಎಂದು ತೋರಿಸಿ ಪಾಸ್‌ವರ್ಡ್ ಕೊಡುವುದು ನನ್ನ ಪದ್ಧತಿ. ಹಾಕಿದ್ದನ್ನು ತೆಗೆಯುವ ಪದ್ಧತಿ ಮಾತ್ರ ಇಲ್ಲ. ಮನೆ ಯಜಮಾನಿಯ ಫೋನು ಐದು ದಿನದಿಂದ ಗೆಸ್ಟ್ ಆಗಿತ್ತು.

"ನಮ್ಮಲ್ಲೂ ಎಕ್ಸ್‌ಚೇಂಜ್ ಒಂದ ಇತ್ತು," ಎಂದರು ಮಾವ. "ಆಸ್ಪತ್ರಿ ಲೈನು ಬ್ಯಾರೆ, ಕ್ವಾರ್ಟರ್ಸ್ ಲೈನು ಬ್ಯಾರೆ. ನಾ ಜೋಡಿಸೋತನಕ ಇವರ ಮಾತು ಅವರಿಗೆ ಕೇಳ್ತಿರಲಿಲ್ಲ."

ಫೋನನ್ನು ಮನೆಯ ವೈಫೈಗೆ ಬದಲಿಸಿದೆ. ಆ್ಯಪ್‌ನಲ್ಲಿ ಸ್ಪೀಕರಿನ ಹೆಸರು ಬಂತು. ಉಳಿದದ್ದೆಲ್ಲ ಐದು ನಿಮಿಷದ ಕೆಲಸ.

ಮಾವ ಅಂಗಿ ಸರಿಮಾಡಿಕೊಂಡು, ಕಂಪನಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ದೊಡ್ಡ ಸಾಹೇಬರಿಗೆ ಲೈನ್ ಕೊಡುವ ದನಿಯಲ್ಲಿ, "ಪ್ಲೇ ಕನ್ನಡ ಭಜನ್, ಪ್ಲೀಸ್" ಎಂದರು. ತಂಬೂರಿ ಶುರುವಾಯಿತು. ನನಗೆ ಕಣ್ಣು ತುಂಬಿತು.

ಅದು ಮುಗಿದಾಗ ಮತ್ತೊಂದು ಕೇಳಿದರು. ಎರಡೇ ಸಾಲಿಗೆ ಅದು ಬ್ಯಾಡ ಅನ್ನಿಸಿ, ತಾವೇ ನಿಲ್ಲಿಸಿ ಇನ್ನೊಂದು ಹಾಕಿಸಿದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಅಭ್ಯಾಸಬಲದಿಂದ ಕಿವಿ ಅತ್ತ ಇಟ್ಟೇ ಇದ್ದೆ. ಕೊನೆಯ ರೊಟ್ಟಿ ಬೇಯುವವರೆಗೂ ಒಂದು ಕೆಮ್ಮೂ ಬರಲಿಲ್ಲ.