ಒಂದೇ ಅಚ್ಚಿನ ಎರಡು ಗಾಲಿ

ಖಾನಾಪುರದ ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ, ಪ್ರತಿ ವರ್ಷ ಮತ್ತೆ ಅರ್ಜಿ ಹಿಡಿದುಕೊಂಡು ನಿಲ್ಲಬೇಕು. ಹಾಗಾಗಿ ಬೆಳಗಾವಿಯ ಖಾಸಗಿ ಕಾಲೇಜೊಂದು ಕಾಯಂ ಹುದ್ದೆಗೆ ಡೆಮೊ ಕ್ಲಾಸಿಗೆ ಕರೆದಾಗ, ಇದೊಂದು ಸಿಕ್ಕಿಬಿಡಲಪ್ಪಾ ಎಂದು ಬಸ್ಸಿನಲ್ಲಿ ಇಡೀ ದಾರಿ ಬೇಡಿಕೊಂಡೆ.

ವಿಷಯ ರಾಟೆ ಎಂದು ತಿಳಿದಾಗ ಒಳಗೊಳಗೇ ಹಿಗ್ಗಿದೆ. ರಾಟೆಯ ಲೆಕ್ಕವೆಂದರೆ ನನ್ನದೇ ಮೇಲುಗೈ ಅನ್ನುವ ಸೊಕ್ಕು ನನಗೆ. ಖಾನಾಪುರದ ಹುಡುಗರಿಗೆ ಒಂದು ಮಂತ್ರ ಕಟ್ಟಿಕೊಟ್ಟಿದ್ದೆ: "ರಾಟಿ ಕಂಡ್ರ, ಎರಡೂ ಕಡೆ ಟೆನ್ಶನ್ ಒಂದಽ, ವೇಗೋತ್ಕರ್ಷ ಒಂದಽ." ಕನ್ನಡದಲ್ಲಿ ಹೇಳಿಸಿ, ಮರಾಠಿ ಮನೆಯ ಮಕ್ಕಳಿಗೆ ಮರಾಠಿಯಲ್ಲೂ ಹೇಳಿಸುತ್ತಿದ್ದೆ. ಟೆನ್ಶನ್ ಎಂದರೆ ಹಗ್ಗದ ಬಿಗಿತ; ಒಂದೇ ಹಗ್ಗ ಹಾಯುವ ಹಗುರ ರಾಟೆಗೆ ಅದು ಸರಿಯೇ. ಅಷ್ಟಕ್ಕೇ ಸರಿ ಎಂದು ಮಾತ್ರ ಎಂದೂ ಹೇಳಲಿಲ್ಲ.

ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಪ್ರಾಚಾರ್ಯರು ಕುಳಿತಿದ್ದರು. ಮೂರನೇ ಸಾಲಿನಲ್ಲಿ ಗುರುತಿನ ಮುಖವೊಂದು ನಕ್ಕಿತು. ಖಾನಾಪುರದಲ್ಲಿ ನನ್ನ ಹತ್ತಿರ ಫಸ್ಟ್ ಪಿಯು ಓದಿ, ಸೆಕೆಂಡ್ ಪಿಯುಗೆ ಇಲ್ಲಿಗೆ ಬಂದಿದ್ದ ಹುಡುಗಿ. ನನಗೆ ಆನೆ ಬಲ ಬಂದಂತಾಯಿತು.

ಮೇಜಿನ ಮೇಲೆ ಪ್ರಯೋಗಾಲಯದ ರಾಟೆ ಇಟ್ಟಿದ್ದರು. ಒಂದೇ ಅಚ್ಚಿಗೆ ಬಿಗಿದ ಎರಡು ಗಾಲಿ, ಒಂದು ದೊಡ್ಡದು, ಒಂದು ಸಣ್ಣದು. ತಿರುಗಿದರೆ ಎರಡೂ ಕೂಡಿಯೇ ತಿರುಗಬೇಕು. ಒಂದೊಂದಕ್ಕೂ ಬೇರೆ ಹಗ್ಗ ಸುತ್ತಿ, ಎರಡೂ ಪಕ್ಕಕ್ಕೆ ಸಮಭಾರದ ತೂಕ ತೂಗಿಬಿಟ್ಟಿದ್ದರು. ಬೋರ್ಡಿನ ಲೆಕ್ಕವೂ ಅದೇ: ತ್ರಿಜ್ಯ 0.2 ಮೀಟರ್ ಮತ್ತು 0.1 ಮೀಟರ್, ಎರಡೂ ಕಡೆ ಎರಡೆರಡು ಕಿಲೋ.

ಗೊತ್ತಿರಲಿಲ್ಲ ಎಂದಲ್ಲ, ಎಂಎಸ್ಸಿ ಓದಿದವಳು ನಾನು. ಆದರೆ ಗಾಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತವಳ ಬಾಯಿ ರೂಢಿಯದ್ದನ್ನೇ ಹೇಳಿತು. "ಎರಡೂ ಕಡೆ ಭಾರ ಸಮ ಐತಿ. ಟೆನ್ಶನ್ ಒಂದಽ, ಇಪ್ಪತ್ತು ನ್ಯೂಟನ್. ವೇಗೋತ್ಕರ್ಷ ಸೊನ್ನೆ. ಇದು ಅಲುಗಾಡೂದಿಲ್ಲ."

ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಮೇಡಮ್, ಹಗ್ಗ ಎರಡು ಅದಾವಲ್ರಿ? ಟೆನ್ಶನ್ ಒಂದಽ ಹೆಂಗಾಗ್ತದ?"

"ಮೊದ್ಲ ಪೂರಾ ಕೇಳೋ!" ಎಂದು ಗದರಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ.

ನನ್ನ ಹುಡುಗಿ ಎದ್ದು ನಿಂತಳು. "ಮೇಡಮ್ ಹೇಳಿದ್ದಽ ಖರೇ. ರಾಟಿ ಕಂಡ್ರ ಎರಡೂ ಕಡೆ ಟೆನ್ಶನ್ ಒಂದಽ."

ಪ್ರಾಚಾರ್ಯರು ಹಿಂದಿನಿಂದಲೇ ಮೆತ್ತಗೆ ಹೇಳಿದರು, "ಕೈಯಾಗ ಹಿಡದದ್ದು ಬಿಡ್ರಿ ಮೇಡಮ್, ನೋಡೂಣು."

ಬಿಟ್ಟೆ. ದೊಡ್ಡ ಗಾಲಿಯ ತೂಕ ಇಳಿದು ಠಪ್ಪೆಂದು ಮೇಜಿಗೆ ಬಡಿಯಿತು. ಸಣ್ಣ ಗಾಲಿಯದು ಅದರರ್ಧದಷ್ಟು ಮೇಲೇರಿ ನಿಂತಿತು. ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ನೆಲ ಬಾಯಿ ಬಿಡಬಾರದೇ ಅನಿಸಿತು.

"ಎರಡೂ ಕಡೆ ಟೆನ್ಶನ್ ಒಂದಽ ಅಂತ ನಿನಗ ಯಾರವ್ವಾ ಕಲಿಸಿದ್ದು?" ಪ್ರಾಚಾರ್ಯರು ಹುಡುಗಿಯನ್ನು ಕೇಳಿದರು.

ಅವಳು ನನ್ನತ್ತ ನೋಡಲೇ ಇಲ್ಲ. "ಯಾರೂ ಇಲ್ರಿ ಸರ್. ನಾನಽ ತಪ್ಪು ತಿಳ್ಕೊಂಡಿದ್ದೆ."

"ಸುಳ್ರಿ ಸರ್," ಎಂದೆ. "ಖಾನಾಪುರದಾಗ ನಾನಽ ಕಲಿಸೇನಿ."

ಯಾರೂ ನಗಲಿಲ್ಲ. ಬೋರ್ಡ್ ಒರೆಸಿ ಮೊದಲಿನಿಂದ ಬರೆದೆ. ತಿರುಗುವುದು ಎರಡೂ ಗಾಲಿಗೆ ಸಮ. ಆದರೆ ತ್ರಿಜ್ಯ ಬೇರೆ, ಆದ್ದರಿಂದ ತೂಕಗಳ ವೇಗೋತ್ಕರ್ಷ ಬೇರೆ. ರಾಟೆಯನ್ನು ತಿರುಗಿಸುವುದು ಬರೀ ಟೆನ್ಶನ್ ಅಲ್ಲ, ಟೆನ್ಶನ್ನಿಗೆ ತ್ರಿಜ್ಯ ಗುಣಿಸಿದ್ದು. ರಾಟೆಯ ಇನರ್ಷಿಯಾ, ಅಂದರೆ ತಿರುಗಲು ಅದು ಒಡ್ಡುವ ಜಡತ್ವ, 0.1 ಎಂದು ಕೊಟ್ಟಿದ್ದರು, ಜಿ ಹತ್ತು ಎಂದು ಹಿಡಿದೆ. ಕೋನೀಯ ವೇಗೋತ್ಕರ್ಷ ಹತ್ತು ಬಂತು. ದೊಡ್ಡ ಗಾಲಿಯ ತೂಕ ಎರಡರ ವೇಗೋತ್ಕರ್ಷದಲ್ಲಿ ಕೆಳಗೆ, ಸಣ್ಣದರದು ಒಂದರಲ್ಲಿ ಮೇಲಕ್ಕೆ. ಇಳಿಯುವ ಹಗ್ಗದ ಟೆನ್ಶನ್ ಹದಿನಾರು ನ್ಯೂಟನ್, ಏರುವ ಹಗ್ಗದ್ದು ಇಪ್ಪತ್ತೆರಡು. ಟೆನ್ಶನ್ ಕಡಿಮೆ ಇದ್ದ ಕಡೆಯೇ ಗೆದ್ದಿತ್ತು, ಅದರ ಗಾಲಿ ದೊಡ್ಡದು. ಎಲ್ಲ ತಾಳೆಯಾಯಿತು. ಆದರೇನು, ನನ್ನ ಡೆಮೊ ಆಗಲೇ ಮುಗಿದುಹೋಗಿತ್ತು.

"ತಿಳಸ್ತೀವ್ರಿ ಮೇಡಮ್," ಎಂದರು ಪ್ರಾಚಾರ್ಯರು. ಆ ಮಾತಿನ ಅರ್ಥ ತಿಳಿಯದಷ್ಟು ಚಿಕ್ಕವಳಲ್ಲ ನಾನು.

ಹುಡುಗಿ ಗೇಟಿನ ತನಕ ಬಂದಳು. ನನ್ನಿಂದ ನೀನೂ ನಗೆಪಾಟಲಾದಿ ಎಂದು ನಾನು ಶುರುಮಾಡುವ ಮೊದಲೇ ಅವಳಂದಳು, "ಹೋದ ವಾರ ಟೆಸ್ಟಿನಾಗೂ ಇಂಥಾದ್ದಽ ಲೆಕ್ಕ ಬಂದಿತ್ರಿ. ನಾ ಸೊನ್ನಿ ಬರದಿದ್ದೆ. ಇಲ್ಲಿ ಫಿಸಿಕ್ಸ್ ಸರ್ ತಪ್ಪು ಹಾಕಿದ್ರು."

"ನೀ ಅವರನ್ನ ಯಾಕಂತ ಕೇಳಬಾರದಿತ್ತೇನು?"

"ಕೇಳಲಿಲ್ರಿ." ಅವಳು ಕಣ್ಣು ಕೆಳಗೆ ಹಾಕಿದಳು. "ಈ ಸರ್‌ಗೆ ಏನೂ ಬರೂದಿಲ್ಲ, ನಮ್ಮ ಖಾನಾಪುರದ ಮೇಡಮ್ಮರಂಗ ಕಲಿಸೋರು ಇಲ್ಲೆ ಯಾರೂ ಇಲ್ಲಂತ ಎಲ್ಲಾರ ಮುಂದ ಹೇಳ್ಕೋತ ಅಡ್ಡಾಡೀನ್ರಿ."