ಕೂಸುಗಳ ಐಸಿಯುಗೆ ಬರೆದ ಅರ್ಜಿ

ಬ್ಯಾಡಗಿಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸ್ ಆಗಿದ್ದೆ. ಹುಟ್ಟಿದ ಕೂಸಿಗೆ ಉಸಿರಾಟದ ತೊಂದರೆಯಾದರೆ ಅದನ್ನು ಆಂಬುಲೆನ್ಸಿನಲ್ಲಿ ರಾಣೆಬೆನ್ನೂರಿನ ದೊಡ್ಡ ಆಸ್ಪತ್ರೆಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ದಾರಿಯುದ್ದಕ್ಕೂ ಕೂಸು ತಣ್ಣಗಾಗದಂತೆ ಸುತ್ತಿ ಹಿಡಿದು, ಆಕ್ಸಿಜನ್ ಕಡೆ ಕಣ್ಣಿಟ್ಟು ಕೂರುತ್ತಿದ್ದೆ. ಅಲ್ಲಿ ಕೂಸುಗಳ ಐಸಿಯು ಬಾಗಿಲು ಅರ್ಧ ತೆರೆಯುತ್ತಿತ್ತು. ಯಾರೋ ಕೂಸನ್ನೂ ಚೀಟಿಯನ್ನೂ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು, ಅಷ್ಟೇ. ಆಮೇಲೆ ಕೂಸು ಉಳಿಯಿತೋ ಇಲ್ಲವೋ ನನಗೆ ಯಾರೂ ಹೇಳುತ್ತಿರಲಿಲ್ಲ. ಬರಿಗೈಯಲ್ಲಿ ತಿರುಗಿ ಬರುವಾಗ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗುತ್ತಿತ್ತು. ಒಂದಲ್ಲ ಒಂದು ದಿನ ಆ ಬಾಗಿಲಿನ ಒಳಗೆ ಕೆಲಸ ಮಾಡಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ.

ಅದೇ ಐಸಿಯುಗೆ ನರ್ಸ್ ಬೇಕೆಂಬ ಜಾಹೀರಾತು ವಾಟ್ಸಾಪಿನಲ್ಲಿ ಬಂತು. ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ, ಯಾವ ವಿಭಾಗದಲ್ಲಿ ಪರಿಣತಿ, ಎಷ್ಟು ವರ್ಷದ ಅನುಭವ, ಇಷ್ಟನ್ನು ಇಮೇಲ್‌ನಲ್ಲಿ ಕಳಿಸಬೇಕಿತ್ತು. ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ ನಮ್ಮಣ್ಣ ಕಂಪ್ಯೂಟರಿನ ಮುಂದೆ ಕುಂತ. ನಮ್ಮಂಥ ಸಣ್ಣ ಆಸ್ಪತ್ರೆಯಲ್ಲಿ ಒಬ್ಬಳೇ ನರ್ಸ್ ಬೆಳಿಗ್ಗೆ ಆಪರೇಷನ್, ಮಧ್ಯಾಹ್ನ ವಾರ್ಡು, ಸಂಜೆ ಹೆರಿಗೆ ಎಂದು ಓಡಾಡುತ್ತಾಳೆ. ಅಣ್ಣ ಅದನ್ನೇ ಬರೆದ: ಎಲ್ಲಾ ವಿಭಾಗ, ಒಂಬತ್ತು ವರ್ಷ.

"ಚೀಲದ ಬಾಯಾಗ ಛಲೋ ಕಾಯಿ ಇಡಬೇಕವಾ," ಎಂದು ಮೀಸೆ ತಿರುವಿದ.

ಎರಡು ವಾರ ಉತ್ತರವಿಲ್ಲ. ಕಾಯುವುದು ನನ್ನ ಜಾಯಮಾನವಲ್ಲ, ಜಾಹೀರಾತಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅಲ್ಲಿಯ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಎತ್ತಿದರು.

"ನಿಮ್ಮ ಮೇಲ್ ನೋಡೇನ್ರಿ. ಎಲ್ಲಾ ಮಾಡೇನಿ ಅಂತ ಬರದೀರಿ. ನನಗ ಬೇಕಾಗಿದ್ದು ಕೂಸುಗೋಳ ಕೆಲಸ. ಅದನ್ನ ಎಷ್ಟು ಮಾಡೀರಿ ಅನ್ನೂದು ಅದರಾಗ ಎಲ್ಲೈತಿ?"

ಐಸಿಯು ಒಳಗೆ ಕೆಲಸ ಮಾಡಿದವಳೇ ಅಲ್ಲ ನಾನು. "ಇನ್ನೊಮ್ಮೆ ಬರದು ಕಳಸ್ತೇನ್ರಿ," ಎಂದೆ.

ವಿಷಯ ಕೇಳಿದ ಅಣ್ಣನಿಗೆ ಅದು ಚಿಟಿಕೆ ಹೊಡೆಯುವಷ್ಟು ಸುಲಭದ ಕೆಲಸ. "ಐಸಿಯು ಒಂಬತ್ತು ವರ್ಷ ಅಂತ ಹಾಕಿಬಿಡೂಣು. ಯಾರು ಕೇಳ್ತಾರ?"

"ಪ್ಯಾಟ್ಯಾಗ ಖರೀದಿದಾರ ಚೀಲದ ತಳಕ್ಕ ಕೈ ಹಾಕಿ ನೋಡೂದಿಲ್ಲೇನು? ನಾಳೆ ವೆಂಟಿಲೇಟರ್ ಮುಂದ ನಿಂದರಿಸಿದ್ರ ಏನು ಮಾಡ್ಲಿ? ಅದು ಕೂಸು ಅಣ್ಣಾ, ಮೆಣಸಿನಕಾಯಿ ಅಲ್ಲ."

"ಇಲ್ಲ ಅಂತ ಬರದ್ರ ಕೆಲಸನೂ ಇಲ್ಲ ಅಂತಾರ, ತಗೋ," ಎಂದು ಎದ್ದುಹೋದ.

ಅವನ ಮಾತು ಖರೆಯಾದರೆ ಎಂಬ ಭಯ ನನಗೂ ಇತ್ತು. ಆದರೂ ಈ ಸಲ ಫೋನಿನಲ್ಲಿ ನಾನೇ ಬರೆದೆ. ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿಯಾಗಿದೆ, ಸಂಖ್ಯೆ ಇದು, ಇಂಥ ದಿನದವರೆಗೆ ಚಾಲ್ತಿಯಲ್ಲಿದೆ. ಒಟ್ಟು ಅನುಭವ ಒಂಬತ್ತು ವರ್ಷ, ಅದರಲ್ಲಿ ಆರು ವರ್ಷ ಹೆಚ್ಚಾಗಿ ಹೆರಿಗೆ ಕೋಣೆಯಲ್ಲಿ. ಹುಟ್ಟಿದಾಗ ಅಳದ ಕೂಸಿಗೆ ಉಸಿರು ಕೊಡುವ ತರಬೇತಿ ಆಗಿದೆ, ಆ ಕೆಲಸ ಮಾಡಿದ್ದೇನೆ. ನವಜಾತ ಶಿಶುಗಳ ಐಸಿಯು ಅನುಭವ: ಇಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಕಾಯಿಲೆಯ ಕೂಸುಗಳನ್ನು ನಿಮ್ಮ ಬಾಗಿಲವರೆಗೆ ತಂದು ಕೊಟ್ಟಿದ್ದೇನೆ, ಮುಂದಿನ ಕೆಲಸ ಕಲಿಯಬೇಕಾಗಿದೆ. ನೋಂದಣಿ ಪತ್ರ, ನಮ್ಮ ಡಾಕ್ಟರು ಕೊಟ್ಟ ಅನುಭವ ಪತ್ರ ಎರಡನ್ನೂ ಲಗತ್ತಿಸಿ ಕಳಿಸಿಬಿಟ್ಟೆ.

ಮೂರನೆಯ ದಿನ ಕರೆ ಬಂತು. ಸಂದರ್ಶನದಲ್ಲಿ ಮೇಡಂ ಮೂಲ ನೋಂದಣಿ ಪತ್ರ ನೋಡಿ, ಮೇಜಿನ ಮೇಲೆ ಕೂಸಿನ ಗೊಂಬೆ ಇಟ್ಟು, ಮಾಸ್ಕು ಮತ್ತು ಗಾಳಿ ಒತ್ತುವ ಬ್ಯಾಗು ಕೈಗೆ ಕೊಟ್ಟರು. "ಕೂಸು ಹುಟ್ಟೇತಿ, ಅಳವಲ್ದು. ಮಾಡ್ರಿ." ತಲೆ ಸರಿಮಾಡಿ, ಮಾಸ್ಕು ಕೂರಿಸಿ, ಎದೆ ಏಳುವುದನ್ನು ನೋಡುತ್ತ ಒತ್ತಿದೆ.

"ಇನ್ನೊಬ್ಬಾಕಿ ಐಸಿಯು ಐದು ವರ್ಷ ಅಂತ ಬರದಿದ್ಲು. ಮಾಸ್ಕ್ ಹಿಡಿಯಾಕ ಬರಲಿಲ್ಲ," ಎಂದರು ಮೇಡಂ. "ನೀವು ಆರು ತಿಂಗಳು ಹಿರೇರ ಕೈಯಾಗ ಕಲೀಬೇಕು. ಅಲ್ಲೀತನ ಪಗಾರ ಹೆಚ್ಚಾಗೂದಿಲ್ಲ. ನಡೀತದೇನು?"

"ನಡೀತದ್ರಿ," ಎಂದೆ, ಅವರ ಮಾತು ಮುಗಿಯುವ ಮೊದಲೇ.

ಕೆಲಸಕ್ಕೆ ಸೇರಿದ ಕೆಲವು ದಿನಗಳಲ್ಲೇ ಹಾವೇರಿ ಕಡೆಯಿಂದ ಒಂದು ಆಂಬುಲೆನ್ಸ್ ಬಂತು. ಬಾಗಿಲು ತೆರೆದವಳು ನಾನು. ಎಳೆಯ ವಯಸ್ಸಿನ ನರ್ಸೊಬ್ಬಳು ಕೂಸನ್ನು ನನ್ನ ಕೈಗಿಟ್ಟು ಅಲ್ಲೇ ನಿಂತಳು. ಅವಳ ಕೈಗಳು ಕೂಸು ಹಿಡಿದ ಹಾಗೆಯೇ ಇದ್ದವು.

"ನಿಮ್ಮ ನಂಬರ್ ಹೇಳಿ ಹೋಗ್ರಿ ಸಿಸ್ಟರ್," ಎಂದೆ.

ಐದನೆಯ ದಿನ ಅವಳಿಗೆ ಫೋನ್ ಮಾಡಿದೆ. "ನಿಮ್ಮ ಕೂಸು ಇವತ್ತು ಅವ್ವನ ಹಾಲು ಕುಡೀತ್ರಿ."

ಆ ಕಡೆ ಅವಳು ಅತ್ತುಬಿಟ್ಟಳು. ನಾನೂ ಅತ್ತೆ.