ತೊಟ್ಟು ಕಿತ್ತ ಅಪ್ಪೆಮಿಡಿ

ಸಾಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಶ್ರೀಗೌರಿ ಮೇಡಂ ಅವರಿಗೆ ಅನುಮಾನ ಹುಟ್ಟುಗುಣ. ಬಸ್ಸಿನ ಬೋರ್ಡು ಓದಿ, ಕಂಡಕ್ಟರನನ್ನು ವಿಚಾರಿಸಿ, ಸೀಟಿನಲ್ಲಿ ಕೂತ ಮೇಲೂ ಪಕ್ಕದವರ ಕಡೆ ತಿರುಗಿ "ಇದು ಹೊಸನಗರಕ್ಕೇ ತಾನೆ?" ಎಂದು ಕೇಳುವವರು. ಹಾಲಿನ ಪ್ಯಾಕೆಟ್ಟನ್ನು ಮೂಸದೆ ಒಡೆದವರಲ್ಲ. ಮನೆಯ ಸ್ಟೀಲಿನ ಲೋಟ, ತಟ್ಟೆ, ಸೌಟು, ಕೊನೆಗೆ ಚಹಾ ಸೋಸುವ ಜಾಲರಿಯ ಹಿಡಿಕೆಯ ಮೇಲೂ ಚುಕ್ಕಿ ಅಕ್ಷರಗಳಲ್ಲಿ ತಮ್ಮ ಹೆಸರು ಕೊರೆಸಿಟ್ಟಿದ್ದಾರೆ. ನೆರೆಮನೆಗೆ ಹೋದ ಪಾತ್ರೆ ತಿರುಗಿ ಬರುತ್ತದೆ ಎಂಬ ನಂಬಿಕೆ ಅವರಿಗೆ ಎಂದೂ ಇರಲಿಲ್ಲ. ಜೊತೆಯಲ್ಲಿರುವ ತಾಯಿ ಲಕ್ಷ್ಮಮ್ಮ, "ನನ್ನ ಹಣೆ ಮೇಲೂ ಒಂದು ಬರೆಸಿ ಬಿಡು" ಎಂದು ಗೊಣಗುವುದುಂಟು.

ಈ ಗುಣಕ್ಕೆ ಕಾಲೇಜಿನಲ್ಲಿ ಒಳ್ಳೆಯ ಮೇವು ಸಿಕ್ಕಿತ್ತು. ಕೊನೆಯ ವರ್ಷದ ಹುಡುಗರ ಪ್ರಾಜೆಕ್ಟುಗಳಿಗೆ ಅವರೇ ಗೈಡು. ದೊಡ್ಡ ಊರುಗಳಲ್ಲಿ ರೆಡಿಮೇಡ್ ಪ್ರಾಜೆಕ್ಟು ಮಾರುವ ಅಂಗಡಿಗಳಿವೆ. ರಿಪೋರ್ಟು, ಕೋಡು, ಬೈಂಡಿಂಗು ಎಲ್ಲ ಸೇರಿಸಿಯೇ ಕೊಡುತ್ತಾರೆ. ಹಾಗೆ ತಂದ ಒಂದು ರಿಪೋರ್ಟಿನಲ್ಲಿ ಯಾವುದೋ ಬೇರೆ ಊರಿನ ಕಾಲೇಜಿನ ಹೆಸರನ್ನು ಅಳಿಸುವುದಕ್ಕೇ ಮರೆತಿದ್ದನ್ನು ಹಿಡಿದಂದಿನಿಂದ ಮೇಡಂ ಯಾರನ್ನೂ ನಂಬುವುದಿಲ್ಲ. ಸಹಿ ಹಾಕುವ ಪೆನ್ನಿನ ಕ್ಯಾಪು ಅವರ ಕೈಯಲ್ಲಿ ಸುಲಭಕ್ಕೆ ಬಿಚ್ಚುವುದಿಲ್ಲ.

ಈ ವರ್ಷ ಅವರ ಕಣ್ಣು ಬಿದ್ದದ್ದು ಬಿಂದುವಿನ ಮೇಲೆ. ಬಿಂದು ಹುಂಚದ ಕಡೆಯ ಹುಡುಗಿ. ಬೆಳಗಿನ ಬಸ್ಸು ಹಿಡಿದು ಬರುವವಳು, ಹಿಂದಿನ ಬೆಂಚಿನವಳು, ಮಾತು ಕಡಿಮೆ. ಅವಳು ಮಾಡಿದ್ದು ಫೋಟೊ ನೋಡಿ ಮಾವಿನ ಮಿಡಿಯ ಜಾತಿ ಹೇಳುವ ಪ್ರೋಗ್ರಾಮು: ಉಪ್ಪಿನಕಾಯಿಗೆ ಬೇಕಾದ ಪರಿಮಳದ ಅಪ್ಪೆಮಿಡಿಯೋ, ರಸ್ತೆ ಬದಿಯ ಸಾದಾ ಮಿಡಿಯೋ. ಲಕ್ಷಾಂತರ ಚಿತ್ರ ನೋಡಿ ಮೊದಲೇ ಪಳಗಿದ ಒಂದು ಮಾಡೆಲ್ ತೆಗೆದುಕೊಂಡು, ಅದರಲ್ಲಿ ಉತ್ತರ ಹೇಳುವ ಕೊನೆಯ ಪದರವನ್ನು ಕಿತ್ತು, ಎರಡೇ ಉತ್ತರದ ಹೊಸ ಪದರ ಕೂರಿಸಿ, ತಾನು ತೆಗೆದ ಸಾವಿರಕ್ಕೂ ಹೆಚ್ಚು ಫೋಟೊಗಳಿಂದ ಅದಕ್ಕೆ ಪಾಠ ಹೇಳಿದ್ದಳು. ಫೋನಿನಿಂದ ಫೋಟೊ ಕಳಿಸಿದರೆ ಅವಳ ಲ್ಯಾಪ್‌ಟಾಪಿನಲ್ಲಿ ಓಡುವ ಸರ್ವರು ಉತ್ತರ ತಿರುಗಿ ಕಳಿಸುತ್ತಿತ್ತು. ಪಾಠಕ್ಕೆ ಬಳಸದೆ ಬೇರೆ ಎತ್ತಿಟ್ಟ ಫೋಟೊಗಳಲ್ಲಿ ಪರೀಕ್ಷೆ ಮಾಡಿದಾಗ ನೂರಕ್ಕೆ ತೊಂಬತ್ತೆಂಟು ಸರಿ ಬಂದಿತ್ತು.

"ತೊಂಬತ್ತೆಂಟಾ?" ಮೇಡಂ ಕನ್ನಡಕ ಮೇಲೇರಿಸಿದರು. "ನಿಂಗೆ ಇಂಟರ್ನಲ್ಸಲ್ಲಿ ಎಷ್ಟು ಬಂದಿತ್ತು?"

ಬಿಂದುವಿಗೆ ಅಷ್ಟು ಬಂದಿರಲಿಲ್ಲ.

ಅಂದಿನಿಂದ ಶುರುವಾಯಿತು ತನಿಖೆ. ಫೈಲಿನ ಹೆಸರು ನೋಡಿ ಉತ್ತರ ಹೇಳುವ ಹಾಗೆ ಮಾಡಿರಬಹುದು ಎಂದು ಅಪ್ಪೆಯ ಫೋಟೊಕ್ಕೆ 'ಸಾದಾ' ಎಂದು ಹೆಸರಿಟ್ಟು ಕಳಿಸಿದರು. ಉತ್ತರ ಬದಲಾಗಲಿಲ್ಲ. ಅಪ್ಪೆಯನ್ನು ಒಂದು ಬಣ್ಣದ ಬಟ್ಟೆಯ ಮೇಲೆ, ಸಾದಾವನ್ನು ಇನ್ನೊಂದರ ಮೇಲೆ ಇಟ್ಟು ಫೋಟೊ ತೆಗೆದಿರಬಹುದು ಎಂದು ಫೋಲ್ಡರನ್ನೆಲ್ಲ ಜಾಲಾಡಿದರು. ಎಲ್ಲದಕ್ಕೂ ಒಂದೇ ಹಳೆಯ ಬೆಡ್‌ಶೀಟು. ಬೇರೆ ಯಾರದ್ದೋ ಸರ್ವರಿನಿಂದ ಉತ್ತರ ಬರುತ್ತಿರಬಹುದು ಎಂದು ಬಿಂದುವಿನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಸರ್ವರನ್ನು ನಿಲ್ಲಿಸಿದರು. ಫೋನಿನ ಪುಟ ಒಡನೆ ಎರರ್ ಕೊಟ್ಟು ಕೂತಿತು. ಉತ್ತರ ಬರುತ್ತಿದ್ದದ್ದು ಅಲ್ಲಿಂದಲೇ.

ಕೊನೆಗೆ ಸಿಟ್ಟಿನಲ್ಲಿ ತಮ್ಮ ಚಪ್ಪಲಿಯ ಫೋಟೊ ತೆಗೆದು ಕಳಿಸಿದರು. 'ಅಪ್ಪೆ, ನೂರಕ್ಕೆ ಎಪ್ಪತ್ತೊಂದು' ಎಂದಿತು.

"ಸಿಕ್ಕಿಬಿದ್ಯಲ್ಲ!" ಮೇಡಂ ಮುಖದಲ್ಲಿ ಹಬ್ಬ.

"ಅದಕ್ಕೆ ಎರಡೇ ಉತ್ತರ ಕಲಿಸಿರೋದು ಮೇಡಂ" ಎಂದಳು ಬಿಂದು ಸಣ್ಣ ದನಿಯಲ್ಲಿ. "ಏನು ಕೊಟ್ರೂ ಎರಡರಲ್ಲಿ ಒಂದು ಹೇಳ್ಲೇಬೇಕು. ಗೊತ್ತಿಲ್ಲ ಅನ್ನೋಕೆ ಅದಕ್ಕೆ ಬರಲ್ಲ."

ಉತ್ತರ ಸರಿಯಾಗಿಯೇ ಇತ್ತು. ಸರಿಯಾದ ಉತ್ತರ ಕೇಳಿದರೆ ಮೇಡಂಗೆ ಅನುಮಾನ ಇನ್ನಷ್ಟು ಬಲಿಯುತ್ತದೆ. ಯಾರೋ ಗಿಳಿಪಾಠ ಹೇಳಿಕೊಟ್ಟಿದ್ದಾರೆ ಅನ್ನಿಸಿತು.

"ಸಹಿ ಡೆಮೊ ಆದಮೇಲೆ ನೋಡೋಣ" ಎಂದುಬಿಟ್ಟರು.

ರಿಪೋರ್ಟಿಗೆ ಗೈಡಿನ ಸಹಿಯಿಲ್ಲದಿದ್ದರೆ, ಡೆಮೊ ನೋಡಿ ಹೊರಗಿನ ಪರೀಕ್ಷಕರು ಕೊಟ್ಟ ಅಂಕವೂ ಲೆಕ್ಕಕ್ಕೆ ಬರುವುದಿಲ್ಲ. ಅದಿಲ್ಲದೆ ಪ್ರಾಜೆಕ್ಟು ಪಾಸಿಲ್ಲ, ಪ್ರಾಜೆಕ್ಟಿಲ್ಲದೆ ಡಿಗ್ರಿಯಿಲ್ಲ. ಮತ್ತೊಂದು ವರ್ಷ ಅದೇ ಬಸ್ಸು. ಬಿಂದುವಿನ ಮನೆಯಲ್ಲಿ ಇನ್ನೊಂದು ವರ್ಷಕ್ಕೆ ಒಪ್ಪುವವರು ಯಾರೂ ಇರಲಿಲ್ಲ, ಅದು ಮೇಡಂಗೂ ಗೊತ್ತಿತ್ತು.

ಡೆಮೊದ ಹಿಂದಿನ ದಿನ ಬಿಂದು ಸರ್ವರನ್ನು ಲ್ಯಾಬಿನಲ್ಲಿ ಓಡುವುದಕ್ಕೆ ಬಿಟ್ಟು, ಹೊರಗಿನಿಂದಲೂ ಅದನ್ನು ತಲುಪುವ ಲಿಂಕೊಂದನ್ನು ಮೇಡಂ ಕೂಡ ಇದ್ದ ಕ್ಲಾಸಿನ ಮೊಬೈಲ್ ಗುಂಪಿಗೆ ಹಾಕಿದಳು. "ಯಾರು ಬೇಕಾದ್ರೂ ಮಿಡಿ ಫೋಟೊ ಕಳಿಸಿ ಟೆಸ್ಟ್ ಮಾಡಿ" ಎಂದು ಬರೆದಿದ್ದಳು. ಬಸ್ಸಿಗೆ ಹೊತ್ತಾಗಿ ಹೊರಟುಹೋದಳು.

ಸಂಜೆ ಮನೆಗೆ ಬಂದ ಮೇಡಂ ಅಡುಗೆಮನೆಗೆ ಹೋದರೆ, ಬುಟ್ಟಿಯಲ್ಲಿ ಅಪ್ಪೆಮಿಡಿ! ತಾಯಿ ಅಂದೇ ಪೇಟೆಯಿಂದ ತಂದಿದ್ದರು. ತಟ್ಟೆಯಲ್ಲಿ ಒಂದನ್ನಿಟ್ಟು ಫೋಟೊ ತೆಗೆದು ಕಳಿಸಿದರು. 'ಅಪ್ಪೆ, ತೊಂಬತ್ತೇಳು.' ಮೇಡಂಗೆ ನಿರಾಸೆಯಾಯಿತು. ತಾಯಿ ಮೋಸ ಹೋಗಿ ಸಾದಾ ಮಿಡಿಯನ್ನೇ ತಂದಿದ್ದರೆ? ನೋಡಿಯೇಬಿಡೋಣ ಎಂದು ಎಲ್ಲರೂ ಮಾಡುವ ಹಾಗೆ ತೊಟ್ಟು ಮುರಿದು ಸೊನೆಯನ್ನು ಮೂಸಿದರು. ಘಮ್ಮೆಂದಿತು, ಅಪ್ಪಟ ಅಪ್ಪೆಯೇ. ಸುಮ್ಮನೆ ಮತ್ತೊಂದು ಫೋಟೊ ತೆಗೆದು ಕಳಿಸಿದರು.

'ಸಾದಾ, ತೊಂಬತ್ತೊಂದು.'

ಮೇಡಂ ಕಣ್ಣರಳಿತು. ಇನ್ನೊಂದರ ತೊಟ್ಟು ಕಿತ್ತರು. ಸಾದಾ. ಮತ್ತೊಂದು. ಸಾದಾ.

"ಎಂತ ಮಾಡ್ತಾ ಇದ್ದೆ ನೀನು?" ಲಕ್ಷ್ಮಮ್ಮ ಓಡಿ ಬಂದರು. "ಉಪ್ಪಿಗೆ ಹಾಕಲೆ ತಂದದ್ದು ಅದು. ತೊಟ್ಟು ಕೀಳಡ! ಸೊನೆ ಹೋದ್ರೆ ಪರಿಮಳ ಎಲ್ಲಿದ್ದು?"

ಮೇಡಂ ಕೈ ಅಲ್ಲಿಗೇ ನಿಂತಿತು. ವಿಷಯ ಹೊಳೆದದ್ದು ತಾಯಿಯ ಬೈಗುಳದಿಂದಲೇ. ಅಪ್ಪೆಮಿಡಿಯನ್ನು ಯಾರೂ ತೊಟ್ಟಿಲ್ಲದೆ ಕೊಯ್ಯುವುದಿಲ್ಲ. ಮರ ಹತ್ತಿ, ಜೋಪಾನವಾಗಿ ತೊಟ್ಟಿನ ಸಮೇತ ಇಳಿಸುತ್ತಾರೆ. ಸಾದಾ ಮಿಡಿಗೆ ಮರ ಹತ್ತುವವರು ಯಾರು? ಗಾಳಿಗೆ ಉದುರಿದ್ದನ್ನು ಆರಿಸುವುದಷ್ಟೆ, ತೊಟ್ಟಿರುವುದಿಲ್ಲ. ಬಿಂದುವಿನ ಫೋಟೊಗಳೆಲ್ಲ ಹಾಗೇ ಇದ್ದವು, ಪರೀಕ್ಷೆಗೆ ಎತ್ತಿಟ್ಟವೂ ಅದೇ ರಾಶಿಯವು. ಮಾಡೆಲ್ಲಿಗೆ ಮಿಡಿಯ ಆಕಾರ, ಬಣ್ಣ ನೋಡುವ ತೊಂದರೆಯೇ ಬೇಕಾಗಿರಲಿಲ್ಲ. ತೊಟ್ಟು ಕಂಡರೆ ಅಪ್ಪೆ, ಇಲ್ಲದಿದ್ದರೆ ಸಾದಾ. ಫೋಲ್ಡರನ್ನೆಲ್ಲ ಜಾಲಾಡಿದ ತಮ್ಮ ಕಣ್ಣಿಗೂ ಅದು ಬಿದ್ದಿರಲಿಲ್ಲ ಎಂಬುದು ಮೇಡಂಗೆ ಸ್ವಲ್ಪ ಚುಚ್ಚಿತು.

ಬಿಂದುವಿನ ನಂಬರು ಒತ್ತಿದರು. ರಿಂಗಾಗುವ ಮೊದಲೇ ಕತ್ತರಿಸಿದರು. ಯಾಕೆ ಹೇಳಬೇಕು? ಸ್ವಂತ ಮಾಡಿದವಳಾದರೆ ತಾನೇ ಕಂಡುಕೊಳ್ಳುತ್ತಾಳೆ. ಕೊಂಡು ತಂದವಳಾದರೆ ನಾಳೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾಳೆ. ನೋಡೋಣ.

ಲಕ್ಷ್ಮಮ್ಮ ಮಗಳ ಮುಖ ನೋಡಿ, "ಎಂತಾತು?" ಎಂದರು.

"ಎಂತೂ ಇಲ್ಲೆ" ಎಂದರು ಮೇಡಂ.

ಮರುದಿನ ಬಂದ ಪರೀಕ್ಷಕರು ಚಂದ್ರಯ್ಯ ಎಂಬ ಹಿರಿಯ ಉಪನ್ಯಾಸಕರು, ತೀರ್ಥಹಳ್ಳಿಯವರು. ಬಿಂದು ಮೇಜಿನ ಮೇಲೆ ಎರಡು ತರದ ಮಿಡಿಗಳನ್ನು ಬೇರೆ ಬೇರೆ ಇಟ್ಟು, ಒಂದೊಂದೇ ಫೋಟೊ ತೆಗೆದು ತೋರಿಸಿದಳು. ಫೋನಿನಿಂದ ಚಿತ್ರ ಸರ್ವರಿಗೆ ಹೋಗುವುದು, ಅಲ್ಲಿ ಅದನ್ನು ಮಾಡೆಲ್ಲಿಗೆ ಬೇಕಾದ ಅಳತೆಗೆ ಇಳಿಸುವುದು, ಉತ್ತರ ತಿರುಗಿ ಬರುವುದು, ಎಲ್ಲವನ್ನೂ ವಿವರಿಸಿದಳು. ಎಲ್ಲ ಉತ್ತರವೂ ಸರಿ. ಚಂದ್ರಯ್ಯ ಖುಷಿಯಾಗಿ ಒಂದು ಅಪ್ಪೆಮಿಡಿ ಎತ್ತಿಕೊಂಡರು.

ಮೇಡಂ ಕುರ್ಚಿಯ ತುದಿಗೆ ಸರಿದರು. ಈ ಸೀಮೆಯ ಮನುಷ್ಯನ ಕೈಗೆ ಅಪ್ಪೆ ಸಿಕ್ಕರೆ ಏನು ಮಾಡುತ್ತಾನೆಂಬುದು ಯಾರಿಗೆ ಗೊತ್ತಿಲ್ಲ? ಚಂದ್ರಯ್ಯ ಚಟ್ಟನೆ ತೊಟ್ಟು ಮುರಿದು, ಮೂಗಿಗೆ ಹಿಡಿದು, "ಆಹಾ, ಜೀರಿಗೆ ವಾಸನೆ!" ಎಂದರು. "ಇದನ್ನೇ ಕೇಳಮ್ಮ ನಿನ್ನ ಮಷಿನ್ನಿಗೆ."

'ಸಾದಾ, ತೊಂಬತ್ತಮೂರು.'

"ಅರೇ, ನನ್ನ ಮೂಗು ಸುಳ್ಳಾ?" ಚಂದ್ರಯ್ಯನವರ ಹುಬ್ಬು ಗಂಟಾಯಿತು. "ಯಾಕೆ ಹೀಗಾಯ್ತು? ನೀನೇ ಮಾಡಿದ್ದು ತಾನೆ?"

ಮೇಡಂಗೆ ಒಳಗೊಳಗೇ ಒಂದು ಸಣ್ಣ ತೃಪ್ತಿ ಮೂಡಿತು. ಅದನ್ನು ಮುಚ್ಚಿಡುವುದೇಕೆ, ಮೂಡಿದ್ದು ನಿಜ. ಹುಡುಗಿ ಆ ಮಿಡಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಮುರಿದು ಬಿದ್ದ ತೊಟ್ಟನ್ನು ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಲ್ಯಾಬಿನಿಂದ ಹೊರಗೆ ಓಡಿದಳು.

"ಓಡಿಹೋದ್ಲಲ್ರೀ!" ಎಂದರು ಚಂದ್ರಯ್ಯ.

ಬಿಂದು ಏದುಸಿರು ಬಿಡುತ್ತಾ ತಿರುಗಿ ಬಂದಾಗ ಕೈಯಲ್ಲಿ ಕಾಲೇಜಿನ ಕಾಂಪೌಂಡಿನ ಸಾದಾ ಮರದ ಮಿಡಿಯಿತ್ತು, ತೊಟ್ಟಿನ ಸಮೇತ ಕಿತ್ತದ್ದು. ಫೋಟೊ ತೆಗೆದಳು. 'ಅಪ್ಪೆ, ತೊಂಬತ್ತಾರು.'

"ಸರ್, ಇದು ಮಿಡಿ ನೋಡ್ತಿಲ್ಲ. ತೊಟ್ಟು ನೋಡ್ತಿದೆ" ಎಂದಳು. "ಅಪ್ಪೆ ಎಲ್ಲ ನಮ್ಮಪ್ಪ ಮರ ಹತ್ತಿ ಕೊಯ್ದಿದ್ದು. ಸಾದಾ ನಾನು ಬಸ್ ಸ್ಟಾಪಿನ ಮರದಡಿ ಆರಿಸಿದ್ದು. ತಪ್ಪು ನಂದೇ ಸರ್. ಎರಡರಲ್ಲೂ ತೊಟ್ಟಿರೋದು, ಇಲ್ಲದ್ದು ಎರಡೂ ತರ ಸೇರಿಸಿ ಮತ್ತೆ ಟ್ರೈನ್ ಮಾಡ್ಬೇಕು."

ಚಂದ್ರಯ್ಯ ಕುರ್ಚಿಗೆ ಒರಗಿ ಜೋರಾಗಿ ನಕ್ಕರು. "ಕೊಂಡು ತಂದೋರು ಹೀಗೆ ಮರಕ್ಕೆ ಓಡಲ್ಲ ಬಿಡಿ ಮೇಡಂ. ಇನ್ನೂ ಯಾವ್ಯಾವ್ದು ತಪ್ಪಾಗಿತ್ತೋ ನೋಡಮ್ಮ."

ಬಂದ ಚಿತ್ರಗಳನ್ನೆಲ್ಲ ಸರ್ವರು ಒಂದು ಫೋಲ್ಡರಿನಲ್ಲಿ ಉಳಿಸಿಕೊಳ್ಳುವ ಹಾಗೆ ಬಿಂದು ಬರೆದಿದ್ದಳು. ಅದನ್ನು ತೆರೆದು ದೊಡ್ಡ ಪರದೆಯ ಮೇಲೆ ಒಂದೊಂದೇ ಸರಿಸಿದಳು. ಹುಡುಗರ ತಮಾಷೆಯ ಫೋಟೊಗಳು ಹೋದವು. ಆಮೇಲೆ ಬಂದದ್ದು ನಿನ್ನೆ ಸಂಜೆಯ ಒಂದು ಅಪ್ಪೆಮಿಡಿ, ಮೊದಲು ತೊಟ್ಟಿನ ಸಮೇತ, ನಂತರ ತೊಟ್ಟು ಕಿತ್ತು. ಮುಂದಿನದೂ ಅದೇ. ಅದರ ಮುಂದಿನದೂ. ಮಿಡಿಯ ಕೆಳಗೆ ಸ್ಟೀಲಿನ ತಟ್ಟೆ, ತಟ್ಟೆಯ ಅಂಚಿನಲ್ಲಿ ಚುಕ್ಕಿ ಅಕ್ಷರಗಳಲ್ಲಿ 'ಶ್ರೀಗೌರಿ'.

ಬಿಂದು ತಿರುಗಿ ಮೇಡಂ ಮುಖ ನೋಡಿದಳು. ಆ ನೋಟ ಮೇಡಂಗೆ ಚೆನ್ನಾಗಿ ಪರಿಚಿತವಾದದ್ದು. ಇಷ್ಟು ದಿನ ಅವರು ಬಿಂದುವನ್ನು ನೋಡುತ್ತಿದ್ದುದು ಹಾಗೇ.

"ಯಾರದ್ದು ಈ ಟೆಸ್ಟು?" ಕನ್ನಡಕ ಹುಡುಕುತ್ತಾ ಚಂದ್ರಯ್ಯ ಕೇಳಿದರು.

"ಯಾರೋ ಕ್ಲಾಸಿನವ್ರು ಸರ್" ಎಂದು ಬಿಂದು ಚಿತ್ರ ಮುಚ್ಚಿಬಿಟ್ಟಳು.

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಡಂಗೆ ನಾಚಿಕೆ ತಡೆಯಲಾಗಲಿಲ್ಲ. "ನಂದು ಸರ್" ಎಂದರು. "ನಿನ್ನೆಯೇ ಗೊತ್ತಾಗಿತ್ತು. ಇವಳಿಗೆ ಹೇಳ್ಲಿಲ್ಲ."

ಚಂದ್ರಯ್ಯ ಒಮ್ಮೆ ಇವರನ್ನು, ಒಮ್ಮೆ ಅವಳನ್ನು ನೋಡಿ, ಅಂಕ ಬರೆದುಕೊಂಡು ಮುಂದಿನ ಹುಡುಗನ ಮೇಜಿಗೆ ಹೋದರು.

ಮೇಡಂ ಪೆನ್ನಿನ ಕ್ಯಾಪು ಬಿಚ್ಚಿ, ರಿಪೋರ್ಟು ಎಳೆದುಕೊಂಡು ಸಹಿ ಹಾಕಿದರು. "ಚೆನ್ನಾಗಿ ಮಾಡಿದೀಯಾ ಬಿಂದು" ಎಂದರು. ಹಾಗೆ ಅವರು ಯಾರಿಗೂ ಹೇಳಿದವರಲ್ಲ.

"ಥ್ಯಾಂಕ್ಸ್ ಮೇಡಂ" ಎಂದು ಬಿಂದು ರಿಪೋರ್ಟು ತೆಗೆದುಕೊಂಡಳು. ಬಾಗಿಲ ಹತ್ತಿರ ಹೋಗಿ ನಿಂತಳು. ಪುಟ ತೆರೆದು ಸಹಿಯನ್ನು ನೋಡಿದಳು, ಮುಚ್ಚಿದಳು, ಮತ್ತೆ ತೆರೆದು ತಾರೀಖನ್ನೂ ನೋಡಿಕೊಂಡಳು. ಆಮೇಲೆ ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಹೋದಳು.